ಒಂದು ವಾರ್ಡ್‌ರೋಬ್, ಮೂರು ಕೊಟೇಶನ್: ಬಡಗಿ ಹೇಳುವ ದರಗಳನ್ನು ಹೋಲಿಸುವ ಬಗೆ

ಬೆಂಗಳೂರಿನಲ್ಲಿ ಮಲಗುವ ಕೋಣೆಗೆ ಒಂದು ವಾರ್ಡ್‌ರೋಬ್ ಮಾಡಿಸಲು ಮೂವರು ಬಡಗಿಗಳನ್ನು ಕರೆಸಿದರೆ ಸಾಮಾನ್ಯವಾಗಿ ಮೂರು ಬಗೆಯ ಉತ್ತರ ಸಿಗುತ್ತದೆ. ಒಬ್ಬರು, "ಲೇಬರ್ ಮಾತ್ರ ಚದರ ಅಡಿಗೆ 450 ಸಾರ್, ಮಾಲು ನೀವೇ ತಂದುಕೊಡಿ" ಎನ್ನುತ್ತಾರೆ. ಇನ್ನೊಬ್ಬರು, "ಮಾಲು ಸಮೇತ 1,400, ನಿಮಗೆ ಯಾವ ತಲೆನೋವೂ ಇರಲ್ಲ" ಎನ್ನುತ್ತಾರೆ. ಮೂರನೆಯವರು ಅಳತೆ ಬರೆದುಕೊಂಡು ಹೋಗಿ, ಎರಡು ದಿನ ಬಿಟ್ಟು 76,000 ರೂಪಾಯಿಯ ಒಟ್ಟು ಮೊತ್ತದ ಚೀಟಿ ಕಳಿಸುತ್ತಾರೆ. ಮೊದಲನೆಯದು ಕೂಲಿಯ ದರ, ಎರಡನೆಯದು ವಿಸ್ತೀರ್ಣದ ದರ, ಮೂರನೆಯದು ಕೆಲಸದ ಬೆಲೆ. ಈ ಮೂರನ್ನೂ ಹಾಗೆಯೇ ಅಕ್ಕಪಕ್ಕ ಇಟ್ಟು ಯಾವುದು ಅಗ್ಗವೆಂದು ಹೇಳಲು ಸಾಧ್ಯವಿಲ್ಲ. ಒಂದೇ ವಾರ್ಡ್‌ರೋಬನ್ನು ಶೀಟು, ಹಿಂಜ್, ಡ್ರಾಯರ್ ಜಾರುವ ಚಾನೆಲ್‌ಗಳ ಮಟ್ಟಕ್ಕೆ ಬಿಡಿಸಿ ನೋಡಿದ ಮೇಲೆಯೇ ಹೋಲಿಕೆ ಶುರುವಾಗುತ್ತದೆ. ಆ ಬಿಡಿಸುವ ಕೆಲಸವನ್ನು ಇಲ್ಲಿ ಒಂದು ಉದಾಹರಣೆಯ ಮೇಲೆ ಮಾಡಿದ್ದೇನೆ.

ಉದಾಹರಣೆಯ ವಾರ್ಡ್‌ರೋಬ್ 6 ಅಡಿ ಅಗಲ, 7 ಅಡಿ ಎತ್ತರ ಮತ್ತು 2 ಅಡಿ ಆಳದ್ದು. ಎರಡು ಗೋಡೆಗಳ ನಡುವೆ ಕೂರುವುದರಿಂದ ಅದರ ಪಕ್ಕಗಳು ಹೊರಗೆ ಕಾಣುವುದಿಲ್ಲ. ನಡುವೆ ಒಂದು ಅಡ್ಡಗೋಡೆ ಇದ್ದು, ಒಂದು ಕಡೆ ನಾಲ್ಕು ತಟ್ಟೆಗಳು ಹಾಗೂ ಎರಡು ಡ್ರಾಯರ್‌ಗಳು, ಇನ್ನೊಂದು ಕಡೆ ಬಟ್ಟೆ ತೂಗುಹಾಕುವ ಜಾಗ ಮತ್ತು ಅದರ ಮೇಲೆ ಒಂದು ತಟ್ಟೆ ಇವೆ. ಮುಂದೆ ಒಂದೂವರೆ ಅಡಿ ಅಗಲದ ನಾಲ್ಕು ಬಾಗಿಲುಗಳು, ಕೆಳಗೆ ನಾಲ್ಕು ಅಂಗುಲದ ಸ್ಕರ್ಟಿಂಗ್.

ವಿಸ್ತೀರ್ಣದ ದರ ಏನನ್ನು ಅಳೆಯುತ್ತದೆ

ಬಡಗಿಗಳು ಚದರ ಅಡಿ ಎಂದಾಗ ವಾರ್ಡ್‌ರೋಬಿನ ಮುಂಭಾಗವನ್ನು ಮಾತ್ರ ಅಳೆಯುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದು ಆರು ಏಳಲಿ 42 ಚದರ ಅಡಿ. ಒಳಗೆ ಎಷ್ಟು ತಟ್ಟೆ, ಎಷ್ಟು ಡ್ರಾಯರ್, ಆಳ ಎಷ್ಟು ಎಂಬುದು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಆದ್ದರಿಂದ ಮುಂಭಾಗ ಒಂದೇ ಆಗಿದ್ದು ಒಳಗೆ ಅಜಗಜಾಂತರ ಇರುವ ಎರಡು ವಾರ್ಡ್‌ರೋಬ್‌ಗಳಿಗೆ ಒಂದೇ ದರ ಬೀಳುತ್ತದೆ. ಮೇಲೆ ಲಾಫ್ಟ್ ಇದ್ದರೆ ಅದನ್ನೂ ಇದೇ ದರಕ್ಕೆ ಸೇರಿಸುವುದುಂಟು. ಲಾಫ್ಟ್ ಎಂದರೆ ಒಳಗೆ ಖಾಲಿ ಇರುವ ಪೆಟ್ಟಿಗೆ ಮತ್ತು ಬಾಗಿಲುಗಳಷ್ಟೇ ಆಗಿರುವುದರಿಂದ ಅದಕ್ಕೆ ಕಡಿಮೆ ದರ ಕೇಳುವುದು ನ್ಯಾಯವಾದ ಚೌಕಾಸಿ. ಅಳತೆಯನ್ನು ಕೆಲಸ ಮುಗಿದ ಮೇಲೆ ಟೇಪು ಹಿಡಿದು ನೋಡುತ್ತಾರೋ, ಹೇಗೆ ಮೇಲಕ್ಕೆ ದುಂಡಾಗಿಸುತ್ತಾರೋ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಆರು ಅಡಿ ಎರಡು ಅಂಗುಲವನ್ನು ಆರೂವರೆ ಅಡಿ ಎಂದು ಬರೆದರೆ, ಏಳು ಅಡಿ ಎತ್ತರದಲ್ಲಿ ಎರಡು ಚದರ ಅಡಿಗೂ ಹೆಚ್ಚು ಗಾಳಿಗೆ ದುಡ್ಡು ಕೊಟ್ಟಂತೆ.

ಶೀಟುಗಳ ನಿಜವಾದ ಲೆಕ್ಕ

ಪ್ಲೈವುಡ್ ಅಂಗಡಿಯಲ್ಲಿ ಸಿಗುವುದು 8 ಅಡಿ ಉದ್ದ, 4 ಅಡಿ ಅಗಲದ ಶೀಟು, ಅಂದರೆ 32 ಚದರ ಅಡಿ. ನಮ್ಮ ವಾರ್ಡ್‌ರೋಬಿನ ಎಲ್ಲ 18 ಮಿ.ಮೀ. ಭಾಗಗಳ ವಿಸ್ತೀರ್ಣ ಕೂಡಿದರೆ ಸುಮಾರು 150 ಚದರ ಅಡಿಯಾಗುತ್ತದೆ. 32ರಿಂದ ಭಾಗಿಸಿದರೆ ಐದು ಶೀಟು ಸಾಕೆನಿಸುತ್ತದೆ, ಆದರೆ ಕತ್ತರಿಸಲು ಕೂತರೆ ಸಾಲುವುದಿಲ್ಲ. ಎರಡು ಪಕ್ಕ ಮತ್ತು ನಡುವಿನ ಅಡ್ಡಗೋಡೆ ಸೇರಿ 7 ಅಡಿ ಉದ್ದ, 2 ಅಡಿ ಅಗಲದ ಮೂರು ತುಂಡು ಬೇಕು. ಒಂದು ಶೀಟಿನಲ್ಲಿ ಅಂಥ ಎರಡು ತುಂಡು ಬರುತ್ತವೆ, ಮೂರನೆಯದಕ್ಕೆ ಇನ್ನೊಂದು ಶೀಟಿನ ಅರ್ಧ ಹೋಗುತ್ತದೆ, ಉಳಿದರ್ಧದಲ್ಲಿ ಎರಡು ತಟ್ಟೆ ಸಿಗುತ್ತವೆ. ಮೇಲಿನ ಹಲಗೆ, ಕೆಳಗಿನ ಹಲಗೆಗೆ ಒಂದು ಶೀಟು, ಉಳಿದ ಮೂರು ತಟ್ಟೆ ಮತ್ತು ಡ್ರಾಯರಿನ ತುಂಡುಗಳಿಗೆ ಒಂದು ಶೀಟು. ಒಂದು ಶೀಟಿಗೆ ಎರಡು ಬಾಗಿಲಿನಂತೆ ನಾಲ್ಕು ಬಾಗಿಲಿಗೆ ಎರಡು ಶೀಟು, ಅವುಗಳಲ್ಲಿ ಉಳಿಯುವ ಒಂದು ಅಡಿ ಅಗಲದ ಪಟ್ಟಿಗಳು ಸ್ಕರ್ಟಿಂಗ್ ಮತ್ತು ಡ್ರಾಯರಿನ ಪಕ್ಕಗಳಿಗೆ ಬರುತ್ತವೆ. ಒಟ್ಟು ಆರು ಶೀಟು. ಕೊಂಡದ್ದರಲ್ಲಿ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ತುಂಡುಗಳಾಗಿ ಉಳಿಯುತ್ತದೆ, ಇದು ಬಡಗಿಯ ಮೋಸವಲ್ಲ, ಶೀಟಿನ ಅಳತೆಯ ಗುಣ.

ಆಳ ಒಂದೆರಡು ಅಂಗುಲ ಹೆಚ್ಚಿರಲಿ ಎಂದು ಮನೆಯವರು ಸಲೀಸಾಗಿ ಹೇಳಿಬಿಡುತ್ತಾರೆ. ನಾಲ್ಕು ಅಡಿಯ ಶೀಟನ್ನು ನಡುವೆ ಕೊಯ್ದರೆ ಗರಗಸದ ಬಾಯಿಗೆ ಸುಮಾರು ಮೂರು ಮಿ.ಮೀ. ಹೋಗಿ ಎರಡು ಅಡಿಗಿಂತ ಕೂದಲೆಳೆ ಕಡಿಮೆ ಅಗಲದ ಎರಡು ತುಂಡು ಸಿಗುತ್ತವೆ. ಆಳವನ್ನು 26 ಅಂಗುಲ ಮಾಡಿದ ಕೂಡಲೇ ಒಂದು ಶೀಟಿಗೆ ಒಂದೇ ಉದ್ದನೆಯ ತುಂಡು ಬರುತ್ತದೆ, ಕನಿಷ್ಠ ಒಂದು ಶೀಟು ಹೆಚ್ಚು ಬೇಕಾಗುತ್ತದೆ. ಹ್ಯಾಂಗರಿಗೆ ಒಳಗಡೆ 22 ಅಂಗುಲ ಸಿಕ್ಕರೆ ಸಾಕಾಗುವುದರಿಂದ ಈ ಖರ್ಚಿಗೆ ಅರ್ಥವಿಲ್ಲ.

ಹಿಂಬದಿಗೆ 6 ಮಿ.ಮೀ. ಪ್ಲೈ ಎಂದು ಇಟ್ಟುಕೊಳ್ಳೋಣ. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಆರು ಅಡಿ ಅಗಲವನ್ನು ನಾಲ್ಕು ಅಡಿ ಮತ್ತು ಎರಡು ಅಡಿಯಾಗಿ ಮುಚ್ಚಿದರೆ ಒಂದೂವರೆ ಶೀಟಿನಲ್ಲಿ ಮುಗಿಯುತ್ತದೆ, ಆದರೆ ಜೋಡಣೆ ಯಾವ ಆಧಾರವೂ ಇಲ್ಲದ ಜಾಗದಲ್ಲಿ ಬಂದು ಬಟ್ಟೆಯ ಹಿಂದೆ ಗೆರೆಯಾಗಿ ಬಾಯಿಬಿಡುತ್ತದೆ. ಮೂರು ಅಡಿಯ ಎರಡು ತುಂಡು ಹಾಕಿದರೆ ಜೋಡಣೆ ನಡುವಿನ ಅಡ್ಡಗೋಡೆಯ ಮೇಲೆಯೇ ಕೂರುತ್ತದೆ, ಅದಕ್ಕೆ ಎರಡು ಶೀಟು ಬೇಕು. ಆಗ ಉಳಿಯುವ ಪಟ್ಟಿಗಳ ಅಗಲ ಒಂದೇ ಅಡಿ, ಡ್ರಾಯರಿನ ತಳಕ್ಕೆ ಅದು ಸಾಲದು. ಹಾಗಾಗಿ ಎರಡು ಡ್ರಾಯರ್ ತಳಕ್ಕೆಂದು ಮೂರನೆಯ ಶೀಟು ಬರುತ್ತದೆ, ಅದರಲ್ಲಿ ಅರ್ಧಕ್ಕೂ ಹೆಚ್ಚು ಹಾಗೆಯೇ ಮಿಗುತ್ತದೆ. ಮಿಕ್ಕ ಮಾಲು ಯಾರದು ಎಂಬ ಒಂದು ಸಾಲು ಕೊಟೇಶನ್‌ನಲ್ಲಿ ಇರಬೇಕಾದದ್ದು ಇದಕ್ಕಾಗಿ. ಮಾಲು ನಿಮ್ಮದಾದರೆ ತುಂಡುಗಳೂ ನಿಮ್ಮವೇ, ಪಾದರಕ್ಷೆಯ ಗೂಡಿಗೋ ಪೂಜಾ ಮೂಲೆಗೋ ಅವು ಸಾಕಾಗುತ್ತವೆ.

ಎರಡು ಲೆಕ್ಕ ಅಕ್ಕಪಕ್ಕ

ಕೆಳಗಿನ ಪಟ್ಟಿಯಲ್ಲಿ ಮೊತ್ತದ ಮೊದಲ ಕಾಲಂ ನಾವು ಬಯಸುವ ವಾರ್ಡ್‌ರೋಬಿನದು. ಎರಡನೆಯದು, ಮಾಲು ಸಮೇತ 1,400 ಎನ್ನುವವರು ಅದೇ ಮುಂಭಾಗವನ್ನು ಯಾವ ಮಾಲಿನಲ್ಲಿ ಮಾಡಿಕೊಡಬಹುದು ಎಂಬ ಅಂದಾಜು. ದರಗಳೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡ ದುಂಡು ಅಂಕಿಗಳು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿಯೋ ನಿಮ್ಮ ಬಡಾವಣೆಯ ಪ್ಲೈವುಡ್ ಅಂಗಡಿಯಲ್ಲಿಯೋ ಅಂದಂದಿನ ದರ ಕೇಳಿ ಬದಲಿಸಿಕೊಳ್ಳಬೇಕು, ಕೇಳುವಾಗ ಜಿ.ಎಸ್.ಟಿ. ಸೇರಿದೆಯೇ ಎಂದೂ ಕೇಳಬೇಕು.

| ಬಾಬ್ತು | ಪೂರ್ಣ ವಿವರದ ಲೆಕ್ಕ (ರೂ.) | 1,400ರ ಹಿಂದಿನ ಅಂದಾಜು (ರೂ.) |
|---|---|---|
| 18 ಮಿ.ಮೀ. ಪ್ಲೈ, 6 ಶೀಟು | 23,040 | 15,360 |
| ಹಿಂಬದಿ ಮತ್ತು ಡ್ರಾಯರ್ ತಳ, 3 ಶೀಟು | 5,760 | 3,840 |
| ಹೊರಗಿನ ಲ್ಯಾಮಿನೇಟ್, 2 ಶೀಟು | 3,000 | 3,000 |
| ಒಳಗಿನ ಲ್ಯಾಮಿನೇಟ್ | 6,400 | 1,600 |
| ಅಂಟು, ಮೊಳೆ, ಸ್ಕ್ರೂ, ಅಂಚಿನ ಪಟ್ಟಿ | 5,000 | 3,500 |
| ಹಿಂಜ್, ಚಾನೆಲ್, ಹಿಡಿ, ಬೀಗ, ರಾಡು | 6,500 | 3,240 |
| ಸಾಗಣೆ ಮತ್ತು ಹೊರುವ ಕೂಲಿ | 1,500 | 1,500 |
| ಬಡಗಿಯ ಕೂಲಿ | 18,900 | 16,000 |
| ಒಟ್ಟು | 70,100 | 48,040 |

ಚದರ ಅಡಿಗೆ 1,400ರಂತೆ 42 ಚದರ ಅಡಿಗೆ 58,800 ಆಗುತ್ತದೆ. ಮೊದಲ ನೋಟಕ್ಕೆ ಇದು 76,000ಕ್ಕಿಂತ 17,200 ಅಗ್ಗ. ಆದರೆ ಅವರ ಖರ್ಚು 48,040 ಆಗಿದ್ದರೆ ಕೂಲಿಯ ಮೇಲೆ ಉಳಿಯುವ ಲಾಭ 10,760, ಅಂದರೆ ಬಿಲ್ಲಿನ ನೂರಕ್ಕೆ ಹದಿನೆಂಟರಷ್ಟು. ಒಟ್ಟು ಮೊತ್ತ ಹೇಳಿದವರು ಪೂರ್ಣ ವಿವರದ ವಾರ್ಡ್‌ರೋಬನ್ನೇ ಕೊಡುವುದಾದರೆ ಅವರಿಗೆ ಉಳಿಯುವುದು 5,900, ನೂರಕ್ಕೆ ಎಂಟಕ್ಕಿಂತ ಕಡಿಮೆ. ಎರಡನೆಯವರು ಅದೇ ಲಾಭ ಇಟ್ಟುಕೊಂಡು ಪೂರ್ಣ ವಿವರದ ಮಾಲಿನಲ್ಲಿ ಮಾಡಿಕೊಟ್ಟರೆ ಮೊತ್ತ 80,860ಕ್ಕೆ, ಚದರ ಅಡಿಗೆ 1,925ಕ್ಕೆ ಹೋಗುತ್ತದೆ. ಅಗ್ಗವೆಂದು ಕಂಡ ಕೊಟೇಶನ್ ಸಮಾನ ಮಾಲಿಗೆ ತಂದಾಗ ಎಲ್ಲಕ್ಕಿಂತ ದುಬಾರಿಯಾಗುತ್ತದೆ.

ಹಾಗೆಂದು ಎರಡನೆಯ ಕಾಲಂನ ವಾರ್ಡ್‌ರೋಬ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಒಣಗಿದ ಒಳಗೋಡೆಗೆ ಒರಗಿ ನಿಲ್ಲುವ, ಮನೆ ಬಾಡಿಗೆಗೆ ಕೊಡುವವರು ಮಾಡಿಸುವ ವಾರ್ಡ್‌ರೋಬಿಗೆ ಆ ಮಾಲು ಸಾಕು. ಆದರೆ ಆ ಮಾಲಿಗೆ 58,800 ಹೆಚ್ಚಾಯಿತು. ಅಲ್ಲಿ ಚೌಕಾಸಿ ಮಾಡಬೇಕಾದದ್ದು ಪ್ಲೈಯನ್ನು ಕುರಿತಲ್ಲ, ದರವನ್ನು ಕುರಿತು.

ವ್ಯತ್ಯಾಸ ಎಲ್ಲಿ ಅಡಗುತ್ತದೆ

ಮೊದಲನೆಯದು ಪ್ಲೈಯ ದರ್ಜೆ. ಪೂರ್ಣ ವಿವರದಲ್ಲಿ ಐ.ಎಸ್. 710 ಎಂಬ ಭಾರತೀಯ ಮಾನದಂಡದ ಮುದ್ರೆಯ, ಕುದಿಯುವ ನೀರನ್ನೂ ತಾಳುವ ಬಿ.ಡಬ್ಲ್ಯು.ಪಿ. ಪ್ಲೈಯನ್ನು ಚದರ ಅಡಿಗೆ 120ರಂತೆ ಹಿಡಿದಿದ್ದೇನೆ, ಇನ್ನೊಂದರಲ್ಲಿ ಐ.ಎಸ್. 303 ಮುದ್ರೆಯ ಎಂ.ಆರ್. ಪ್ಲೈಯನ್ನು 80ರಂತೆ. ಎಂ.ಆರ್. ಎಂಬುದು ಗಾಳಿಯ ತೇವವನ್ನು ತಾಳುತ್ತದೆ, ನಿಂತ ನೀರನ್ನು ತಾಳುವುದಿಲ್ಲ. ಐ.ಎಸ್. 710ರ ಪ್ಲೈ 72 ಗಂಟೆ ಕುದಿಸಿದರೂ ಪದರ ಬಿಡಬಾರದೆಂಬುದು ಆ ಮಾನದಂಡದ ಪರೀಕ್ಷೆ. ವಾರ್ಡ್‌ರೋಬಿನ ಹಿಂಗೋಡೆ ಬಚ್ಚಲಿನದಾಗಿದ್ದರೆ, ಅಥವಾ ಮಳೆ ಹೊಡೆಯುವ ಹೊರಗೋಡೆಯಾಗಿದ್ದರೆ ಮೇಲಿನ ದರ್ಜೆಗೆ ಕೊಡುವ ಸುಮಾರು ಏಳೂವರೆ ಸಾವಿರ ವ್ಯರ್ಥವಲ್ಲ. ಇಲ್ಲದಿದ್ದರೆ ಆ ಹಣವನ್ನು ಹಿಂಜ್ ಮತ್ತು ಚಾನೆಲ್‌ಗಳ ಮೇಲೆ ಹಾಕುವುದು ಹೆಚ್ಚು ಪ್ರಯೋಜನಕರ. ಈ ಮೇಲಿನ ದರ್ಜೆಯನ್ನು "ಮೆರೈನ್ ಪ್ಲೈ" ಎಂದು ಬಾಯಲ್ಲಿ ಹೇಳಿದರೆ ಸಾಲದು. ಬ್ರ್ಯಾಂಡು, ದರ್ಜೆ, ಐ.ಎಸ್. ಸಂಖ್ಯೆ, ದಪ್ಪ ಈ ನಾಲ್ಕೂ ಚೀಟಿಯಲ್ಲಿರಬೇಕು, ಮುದ್ರೆ ಪ್ರತಿ ಶೀಟಿನ ಮೇಲೂ ಇರಬೇಕು. ಮಾಲು ಮನೆಗೆ ಬಂದ ದಿನ, ಕತ್ತರಿಸುವ ಮೊದಲು, ಶೀಟಿನ ಅಂಚನ್ನು ನೋಡಬೇಕು. ನಡುವಿನ ಪದರಗಳಲ್ಲಿ ಕಪ್ಪು ಸಂದುಗಳು ಕಂಡರೆ ಒಳಗೆ ಪೊಳ್ಳಿದೆ ಎಂದರ್ಥ, ಅಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ದಪ್ಪವನ್ನೂ ಅಳೆಯಬೇಕು, 18 ಎಂದು ಬಿಲ್ಲಾದ ಶೀಟು 16ಕ್ಕೆ ನಿಲ್ಲುವುದು ಅಪರೂಪವೇನಲ್ಲ.

ಎರಡನೆಯದು ಒಳಗಿನ ಲ್ಯಾಮಿನೇಟ್. ಕೊಟೇಶನ್‌ನಲ್ಲಿ "ಲ್ಯಾಮಿನೇಟ್ ಸೇರಿ" ಎಂದು ಬರೆದಿದ್ದರೆ ಹೆಚ್ಚಿನ ಸಲ ಅದು ಬಾಗಿಲಿನ ಹೊರಮೈಯ 1 ಮಿ.ಮೀ. ಹಾಳೆ ಮಾತ್ರ. ಒಳಗಿನ ತಟ್ಟೆ, ಪಕ್ಕ, ಹಿಂಬದಿಗಳಿಗೆಲ್ಲ 0.8 ಮಿ.ಮೀ. ಹಾಳೆ ಅಂಟಿಸಬೇಕಾದರೆ ನಮ್ಮ ವಾರ್ಡ್‌ರೋಬಿಗೆ ಎಂಟು ಶೀಟು ಬೇಕು. ಅದನ್ನು ಬಿಟ್ಟರೆ ಆಮೇಲೆ ಪೇಂಟರನ್ನು ಕರೆಸುವ ಖರ್ಚು ನಿಮ್ಮದು, ಅದು ಯಾವ ಕೊಟೇಶನ್‌ನಲ್ಲಿಯೂ ಕಾಣುವುದಿಲ್ಲ. ಒಳಗೆ ಎಲ್ಲಿ ಬಿಟ್ಟರೂ ಬಾಗಿಲಿನ ಒಳಮೈಗೆ ಮಾತ್ರ ಬಿಡಬಾರದು. ಒಂದೇ ಮೈಗೆ ಹಾಳೆ ಅಂಟಿಸಿದ ಆರೂವರೆ ಅಡಿಯ ಬಾಗಿಲು ಎರಡು ಮೈಗಳು ತೇವವನ್ನು ಬೇರೆ ಬೇರೆ ರೀತಿಯಲ್ಲಿ ಹೀರುವುದರಿಂದ ಬಿಲ್ಲಿನಂತೆ ಬಾಗುತ್ತದೆ, ಹಿಂಜನ್ನು ಎಷ್ಟು ತಿರುಗಿಸಿದರೂ ಮೇಲಿನ ಮೂಲೆ ಕೂರುವುದಿಲ್ಲ.

ಮೂರನೆಯದು ಹಾರ್ಡ್‌ವೇರ್. ಮೊತ್ತ ಚಿಕ್ಕದಾದ್ದರಿಂದ ಇಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ, ಆದರೆ ದಿನವೂ ಕೈಗೆ ಸಿಗುವುದು ಇದೇ. ಈ ಎತ್ತರದ ಬಾಗಿಲಿಗೆ ನಾಲ್ಕು ಹಿಂಜ್ ಬೇಕು, ನಾಲ್ಕು ಬಾಗಿಲಿಗೆ ಹದಿನಾರು. ಅಗ್ಗದ ಲೆಕ್ಕದಲ್ಲಿ ಬಾಗಿಲಿಗೆ ಮೂರರಂತೆ ಹನ್ನೆರಡು ಸಾಮಾನ್ಯ ಹಿಂಜ್ ಹಾಕುತ್ತಾರೆ, ಸ್ವಲ್ಪ ಕಾಲದಲ್ಲಿಯೇ ಬಾಗಿಲು ಇಳಿದು ಪಕ್ಕದ ಬಾಗಿಲಿಗೆ ಉಜ್ಜತೊಡಗುತ್ತದೆ. "ಸಾಫ್ಟ್ ಕ್ಲೋಸ್" ಎಂಬ ಮಾತನ್ನು ಹಿಂಜಿಗೆ ಬೇರೆ, ಚಾನೆಲಿಗೆ ಬೇರೆ ಬರೆಸಿಕೊಳ್ಳಬೇಕು, ಏಕೆಂದರೆ ಹಿಂಜಿಗೆ ಹಾಕಿ ಚಾನೆಲಿಗೆ ಮಾಮೂಲಿಯದನ್ನು ಕೂರಿಸುವ ಪದ್ಧತಿ ಇದೆ. ಎಷ್ಟು ಹಿಂಜ್, ಎಷ್ಟು ಜೊತೆ ಚಾನೆಲ್, ಎಷ್ಟು ಅಂಗುಲದ್ದು, ಯಾವ ಬ್ರ್ಯಾಂಡ್ ಎಂದು ಸಂಖ್ಯೆಯ ಸಮೇತ ಬರೆದ ಕೊಟೇಶನ್ ಮಾತ್ರ ಹೋಲಿಕೆಗೆ ಯೋಗ್ಯ.

ವಿನ್ಯಾಸದ ಜಟಿಲತೆಗೆ ಬೆಲೆ ಕಟ್ಟುವುದು

ಎರಡರ ಬದಲು ಆರು ಡ್ರಾಯರ್ ಬೇಕೆಂದರೆ ಮುಂಭಾಗದ 42 ಚದರ ಅಡಿ ಹಾಗೆಯೇ ಇರುತ್ತದೆ, ಆದರೆ ಕೆಲಸ ಬಹಳಷ್ಟು ಬೆಳೆಯುತ್ತದೆ. ಒಂದು ಡ್ರಾಯರಿಗೆ ಮುಂಪಟ್ಟಿ, ನಾಲ್ಕು ಪಕ್ಕ ಸೇರಿ ಸುಮಾರು ಆರೂವರೆ ಚದರ ಅಡಿ ಪ್ಲೈ, ಒಂದು ತಳ, ಒಂದಿಷ್ಟು ಒಳ ಲ್ಯಾಮಿನೇಟ್, ಒಂದು ಜೊತೆ ಚಾನೆಲ್ ಮತ್ತು ಒಂದು ಹಿಡಿ ಬೇಕು, ಬಡಗಿಗೆ ಅರ್ಧ ದಿನದ ಕೆಲಸ. ನಮ್ಮ ದರಗಳಲ್ಲಿ ಪ್ಲೈಗೆ 780, ತಳಕ್ಕೆ 300, ಲ್ಯಾಮಿನೇಟಿಗೆ 200, ಚಾನೆಲಿಗೆ 700, ಹಿಡಿಗೆ 250, ಕೂಲಿಗೆ 600 ಸೇರಿ 2,830 ಆಗುತ್ತದೆ. ನಾಲ್ಕು ಹೆಚ್ಚುವರಿ ಡ್ರಾಯರಿಗೆ 11,320. ವಿಸ್ತೀರ್ಣದ ದರಕ್ಕೆ ಒಪ್ಪಿಕೊಂಡ ಬಡಗಿಗೆ ಇದು ನಷ್ಟ, ಆ ನಷ್ಟವನ್ನು ಅವರು ಬೇರೆಲ್ಲಿಯೋ ತುಂಬಿಕೊಳ್ಳುತ್ತಾರೆ. ಹಿಂಬದಿ ತೆಳ್ಳಗಾಗುತ್ತದೆ, ಸ್ಕ್ರೂ ಬೇಕಾದಲ್ಲಿ ಮೊಳೆ ಬೀಳುತ್ತದೆ. ಆದ್ದರಿಂದ ಮಾಲು ಸಮೇತದ ದರವನ್ನು ಒಪ್ಪುವುದಾದರೆ ಅದರಲ್ಲಿ ಎಷ್ಟು ಡ್ರಾಯರ್, ಎಷ್ಟು ತಟ್ಟೆ ಸೇರಿವೆ ಎಂದು ನಿಗದಿ ಮಾಡಿ, ಅದರಾಚೆಗಿನ ಪ್ರತಿ ಡ್ರಾಯರಿಗೆ ಇಷ್ಟು ಎಂಬ ದರವನ್ನು ಕೆಲಸ ಶುರುವಾಗುವ ಮುನ್ನವೇ ಬರೆಸಿಕೊಳ್ಳಬೇಕು.

ಬಾಗಿದ ಮೂಲೆ, ಪಟ್ಟಿ ಕೊರೆದ ಬಾಗಿಲು, ಗಾಜಿನ ಚೌಕಟ್ಟು ಇವುಗಳಿಗೂ ಇದೇ ಕ್ರಮ. ಇವುಗಳಲ್ಲಿ ಮಾಲಿಗಿಂತ ದಿನಗಳು ಹೆಚ್ಚು ಹೋಗುವುದರಿಂದ, ಚದರ ಅಡಿಗೆ ನೂರಿನ್ನೂರು ಏರಿಸಿ ಎನ್ನುವ ಬದಲು ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳುವುದು ಮೇಲು.

ಗಟ್ಟಿ ಮರದ ಮಂಚ ಅಥವಾ ಊಟದ ಮೇಜಾದರೆ ಲೆಕ್ಕವೇ ಬೇರೆ. ಅಲ್ಲಿ ತೇಗ, ಹೊನ್ನೆ, ಮತ್ತಿ ಯಾವುದಾದರೂ ಘನ ಅಡಿಯಲ್ಲಿ ಕೊಳ್ಳುತ್ತೀರಿ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಅಂಗುಲದಲ್ಲಿ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. 7 ಅಡಿ ಉದ್ದ, 6 ಅಂಗುಲ ಅಗಲ, 2 ಅಂಗುಲ ದಪ್ಪದ ಹಲಗೆ 0.58 ಘನ ಅಡಿ. ಸಾಮಿಲ್ಲಿನ ಅಳತೆಗೆ ಬಿಲ್ಲಾಗುತ್ತದೆ, ಉಜ್ಜಿದ ಮೇಲೆ ಅದೇ ಹಲಗೆ ಎರಡು ಅಂಗುಲ ಇರುವುದಿಲ್ಲ, ಗಂಟು ಮತ್ತು ಬಿರುಕು ಕಳೆದರೆ ಇನ್ನೂ ಇಳಿಯುತ್ತದೆ. ಬಡಗಿ ಹೇಳುವ ಘನ ಅಡಿ ಕೊಯ್ದ ಅಳತೆಯದೋ ಮುಗಿದ ಅಳತೆಯದೋ ಎಂಬ ಒಂದು ಪ್ರಶ್ನೆ ಕೇಳದೆ ಎರಡು ಮಂಚದ ಕೊಟೇಶನ್‌ಗಳನ್ನು ಹೋಲಿಸಬಾರದು.

ಯಾರು ಯಾವುದನ್ನು ಆರಿಸಬೇಕು

ಕೂಲಿ ಮಾತ್ರದ ದರದಲ್ಲಿ ನಮ್ಮ ವಾರ್ಡ್‌ರೋಬ್ 70,100ಕ್ಕೆ ಮುಗಿಯುತ್ತದೆ, ಮಾಲಿನ ಮೇಲೆ ಪೂರ್ತಿ ಹಿಡಿತ ಸಿಗುತ್ತದೆ. ಆದರೆ ಅಂಟು ಮುಗಿಯಿತು, ಸ್ಕ್ರೂ ಸಾಲಲಿಲ್ಲ, ಇನ್ನೊಂದು ಶೀಟು ಬೇಕು ಎಂಬ ಫೋನು ಬಂದಾಗಲೆಲ್ಲ ಓಡಬೇಕಾದವರು ನೀವು. ಮಾಲು ನಿಮ್ಮದಾದ್ದರಿಂದ ಅದನ್ನು ಉಳಿಸುವ ಅವಸರ ಬಡಗಿಗೆ ಇರುವುದಿಲ್ಲ, ಕತ್ತರಿಸುವ ನಕ್ಷೆಯನ್ನು ಮೊದಲೇ ಕಾಗದದ ಮೇಲೆ ಬರೆಸಿ ಆರು ಶೀಟಿಗೆ ಒಪ್ಪಿಸಿಕೊಂಡಿರಬೇಕು. ಬಡಗಿ ತೋರಿಸಿದ ಅಂಗಡಿಯಲ್ಲಿಯೇ ಕೊಂಡರೆ ಅಂಗಡಿಯವರು ಅವರಿಗೆ ಕಮಿಷನ್ ಕೊಡುವ ವಾಡಿಕೆಯೂ ಇದೆ, ಹಾಗಾಗಿ ಇನ್ನೊಂದು ಅಂಗಡಿಯ ದರ ಕೈಯಲ್ಲಿರಲಿ. ಅಪಾರ್ಟ್‌ಮೆಂಟಿನಲ್ಲಿರುವವರು ಇನ್ನೊಂದನ್ನು ಸೇರಿಸಿಕೊಳ್ಳಬೇಕು. ಎಂಟು ಅಡಿಯ ಶೀಟು ಸಾಮಾನ್ಯ ಲಿಫ್ಟಿನಲ್ಲಿ ಹಿಡಿಯುವುದಿಲ್ಲ, ಮೆಟ್ಟಿಲಲ್ಲಿ ಹೊರಿಸಬೇಕು, ಮಹಡಿ ಏರಿದಂತೆ ಹೊರುವ ಕೂಲಿಯೂ ಏರುತ್ತದೆ. ಪಟ್ಟಿಯಲ್ಲಿನ 1,500 ಕೆಳಗಿನ ಮಹಡಿಯ ಲೆಕ್ಕ, ಲ್ಯಾಮಿನೇಟೂ ಸೇರಿ ಹತ್ತೊಂಬತ್ತು ಶೀಟನ್ನು ಐದನೆಯ ಮಹಡಿಗೆ ಏರಿಸಲು ಅದು ಸಾಲದು.

ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ನಾನು ಸೂಚಿಸುವುದು ವಿವರವಾದ ಒಟ್ಟು ಮೊತ್ತವನ್ನೇ. ಕೊಳ್ಳುವುದು, ತರುವುದು, ಮುರಿದದ್ದನ್ನು ಬದಲಿಸುವುದು ಎಲ್ಲವೂ 5,900 ರೂಪಾಯಿಯಲ್ಲಿ ಬೇರೊಬ್ಬರ ತಲೆಯ ಮೇಲೆ ಹೋಗುತ್ತದೆ. ಆದರೆ ಷರತ್ತು ಒಂದಿದೆ, ಮೊತ್ತದ ಜೊತೆಗೆ ಮೇಲಿನ ಪಟ್ಟಿಯಂಥ ವಿವರ ಇರಬೇಕು. ವಿವರವಿಲ್ಲದ 76,000ಕ್ಕೂ ವಿವರವಿಲ್ಲದ 1,400ಕ್ಕೂ ಏನೂ ವ್ಯತ್ಯಾಸವಿಲ್ಲ. ಮಾಲು ಸಮೇತ ಚದರ ಅಡಿಯ ದರ ಹೊಂದುವುದು ಮನೆಯಲ್ಲಿ ಒಂದೇ ಬಗೆಯ ಮೂರು ನಾಲ್ಕು ವಾರ್ಡ್‌ರೋಬ್‌ಗಳಿದ್ದಾಗ, ಅದೂ ಒಂದರ ಒಳವಿವರ ಬರೆದು ಉಳಿದವೂ ಹಾಗೆಯೇ ಎಂದು ಒಪ್ಪಿದಾಗ. ದಿನಗೂಲಿಯನ್ನು ರಿಪೇರಿಗೆ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು.

ಹಣವನ್ನು ತಾರೀಖಿಗಲ್ಲ, ಕೆಲಸದ ಹಂತಕ್ಕೆ ಕೊಡಬೇಕು. ಒಟ್ಟು ಮೊತ್ತದ ಕರಾರಿನಲ್ಲಿ ಮುಂಗಡವು ಮೊದಲ ಸರಕಿನ ಬೆಲೆಯನ್ನು ಮೀರದಿರಲಿ. ಪೆಟ್ಟಿಗೆ ಗೋಡೆಗೆ ನಿಂತ ಮೇಲೆ ಒಂದು ಕಂತು, ಬಾಗಿಲು ತೂಗಿದ ಮೇಲೆ ಇನ್ನೊಂದು ಕಂತು. ಕೊನೆಯ ಹತ್ತನೇ ಒಂದು ಭಾಗವನ್ನು ಕೆಲಸ ಮುಗಿದು ಒಂದು ತಿಂಗಳಾದ ಮೇಲೆ ಕೊಡುವುದಾಗಿ ಚೀಟಿಯಲ್ಲಿಯೇ ಬರೆದಿಡಬೇಕು, ಬಟ್ಟೆಯ ಭಾರ ಬಿದ್ದ ಮೇಲೆ ಬಾಗಿಲುಗಳ ಸಂದು ಸರಿಯುತ್ತದೆ, ಹಿಂಜಿನ ಸ್ಕ್ರೂ ತಿರುಗಿಸಿ ಅದನ್ನು ಸರಿಪಡಿಸಲು ಬಡಗಿ ಒಮ್ಮೆ ಮತ್ತೆ ಬರಲೇಬೇಕಾಗುತ್ತದೆ.